ಪಯ್ಯನ್ನೂರಿನ ಬೀಗರಿಗೆ ಬಿಸು ಶುಭಾಶಯ: ಒಂದು ಫಾರ್ವರ್ಡಿನ ಪ್ರಕರಣ

ಈ ಪ್ರಕರಣದಲ್ಲಿ ಇರುವುದು ಒಂದೇ ಒಂದು ಮೆಸೇಜು. ಮಂಗಳೂರಿನ ಬಿಜೈಯಲ್ಲಿರುವ ನನ್ನ ಸೋದರಮಾವನ ಮೊಬೈಲಿಗೆ ನಮ್ಮ ಕರಾವಳಿಯ ಹೊಸ ವರ್ಷದ ಹಬ್ಬವಾದ ಬಿಸುವಿನ ಹಿಂದಿನ ದಿನ ಕನ್ನಡದಲ್ಲಿ ಬಂದದ್ದು. ಅದನ್ನು ಅವರು ಮಲಯಾಳಂ ಮಾಡಿ ಪಯ್ಯನ್ನೂರಿನ ಬೀಗರಿಗೆ ಕಳಿಸಬೇಕಿತ್ತು. ಕಳಿಸುವ ಮೊದಲು ನನಗೆ ತೋರಿಸಿದರು. ನಾನು ಹುಟ್ಟಿ ಬೆಳೆದದ್ದು ಮಂಜೇಶ್ವರದಲ್ಲಿ. ಓದಿದ್ದು ಕನ್ನಡ ಮಾಧ್ಯಮ, ಪೇಟೆಯಲ್ಲಿ ಮಾತಾಡಿದ್ದು ಮಲಯಾಳಂ. ಹಾಗಾಗಿ ನಮ್ಮ ಕುಟುಂಬದಲ್ಲಿ ಗಡಿಯಾಚೆಯ ವ್ಯವಹಾರವೆಲ್ಲ ನನ್ನ ಬಳಿಗೇ ಬರುತ್ತದೆ.

ಮೊದಲು ಗ್ರೂಪಿನ ಪರಿಚಯ. ಮಾವನ ಮಗಳು ಮದುವೆಯಾದದ್ದು ಪಯ್ಯನ್ನೂರಿನ ಹುಡುಗನನ್ನು. ಮದುವೆ ಗೊತ್ತಾದಾಗ ಛತ್ರ, ಊಟ, ಬಸ್ಸಿನ ಮಾತುಕತೆಗೆ ಅಂತ ಒಂದು ವಾಟ್ಸಾಪ್ ಗ್ರೂಪ್ ಮಾಡಿದ್ದರು. ಮದುವೆ ಮುಗಿದರೂ ಗ್ರೂಪ್ ಉಳಿಯಿತು. ಅದರಲ್ಲಿ ಈಚೆ ಕಡೆಯಿಂದ ಮಾವ, ಅತ್ತೆ, ತುಳುವಿನಲ್ಲೇ ಬರೆಯುವ ದೊಡ್ಡಮ್ಮ, ಬೆಂಗಳೂರಿನಲ್ಲಿರುವ ಮಗ ಮತ್ತು ಅಲ್ಲಿಯವಳೇ ಆದ ಸೊಸೆ. ಆಚೆ ಕಡೆಯಿಂದ ಅಳಿಯನ ಅಪ್ಪ, ಅಮ್ಮ, ಅವನ ಅಕ್ಕ. ಅಪ್ಪ ನಿವೃತ್ತ ಹೈಸ್ಕೂಲ್ ಮೇಷ್ಟ್ರು, ಅಮ್ಮನೂ ಪ್ರೈಮರಿ ಶಾಲೆಯಲ್ಲಿ ಟೀಚರ್ ಆಗಿದ್ದವರು. ಇಬ್ಬರಿಗೂ ಕನ್ನಡ ಓದಲು ಬರುವುದಿಲ್ಲ. ಕಾಸರಗೋಡಿನವರಾಗಿದ್ದರೆ ಬಹುಶಃ ಬರುತ್ತಿತ್ತು. 1956ರ ತನಕ ಆ ತಾಲೂಕು ದಕ್ಷಿಣ ಕನ್ನಡ ಜಿಲ್ಲೆಯದ್ದೇ ಆಗಿತ್ತಲ್ಲ. ಪಯ್ಯನ್ನೂರು ಇನ್ನೂ ತೆಂಕಣದ್ದು, ಕಣ್ಣೂರು ಜಿಲ್ಲೆ.

ಮಾವನಿಗೆ ಬಂದಿದ್ದ ಮೆಸೇಜು ಹೀಗಿತ್ತು: "ಮುಂಜಾನೆಯ ಹೊಂಬೆಳಕು ನಿಮ್ಮ ಬಾಳಿಗೆ ಹೊಸ ಹರುಷ ತರಲಿ. ಬೇವಿನ ಕಹಿ ಮರೆತು ಬೆಲ್ಲದ ಸಿಹಿ ಉಳಿಯಲಿ. ಸಕಲ ಐಶ್ವರ್ಯ ನಿಮ್ಮದಾಗಲಿ. ನಿಮಗೂ ನಿಮ್ಮ ಕುಟುಂಬದವರೆಲ್ಲರಿಗೂ ಹೊಸ ಸಂವತ್ಸರದ ಬಿಸು ಹಬ್ಬದ ಹಾರ್ದಿಕ ಶುಭಾಶಯಗಳು." ಕೆಳಗೆ ಒಂದು ಸಾಲು ದೀಪ, ಒಂದು ಸಾಲು ಕೈಮುಗಿದ ಚಿತ್ರ.

ಇದರ ಕೊನೆಯ ವಾಕ್ಯವನ್ನು ಮಾವ ತಾವೇ ಮಲಯಾಳಂ ಮಾಡಿದ್ದರು. ಅವರು ಬ್ಯಾಂಕಿನಲ್ಲಿದ್ದಾಗ ಕಾಸರಗೋಡಿನ ಕಡೆ ಕೆಲಸ ಮಾಡಿದವರು. ಮಾತಾಡಲು ಅಡ್ಡಿಯಿಲ್ಲ, ಅಕ್ಷರವೂ ಗೊತ್ತು. ಓದಲು ಸುಲಭವಾಗಲಿ ಅಂತ ಮಲಯಾಳಂ ಸಾಲುಗಳನ್ನೆಲ್ಲ ಇಲ್ಲಿ ಕನ್ನಡ ಲಿಪಿಯಲ್ಲೇ ಕೊಡುತ್ತೇನೆ. ಅವರು ಬರೆದದ್ದು: "ನಿಂಙಳ್ಕುಂ ನಿಂಙಳುಡೆ ಕುಡುಂಬತ್ತಿನುಂ ವಿಷು ಉತ್ಸವತ್ತಿಂಟೆ ಹಾರ್ದಿಕ ಶುಭಾಶಯಂಙಳ್."

ವ್ಯಾಕರಣದಲ್ಲಿ ದೊಡ್ಡ ತಪ್ಪು ಹುಡುಕಿದರೂ ಸಿಗುವುದಿಲ್ಲ. ವಿಭಕ್ತಿ ಸರಿ, ಬಹುವಚನ ಸರಿ. ಪಯ್ಯನ್ನೂರಿನವರಿಗೆ ಅರ್ಥವೂ ಆಗುತ್ತಿತ್ತು. ಆದರೆ ಒಬ್ಬ ಮಲಯಾಳಿಯೂ ಹೀಗೆ ಹೇಳುವುದಿಲ್ಲ. ಯಾಕೆ ಅಂತ ಒಂದೊಂದಾಗಿ ನೋಡೋಣ. ಆದರೆ ಭಾಷೆಗೆ ಹೋಗುವ ಮೊದಲು ಬೇವು ಬೆಲ್ಲದ ವಿಷಯ ಮುಗಿಸಬೇಕು. ಈ ಮೆಸೇಜು ಕನ್ನಡದಲ್ಲೇ ತಪ್ಪು ವಿಳಾಸಕ್ಕೆ ಬಂದದ್ದು.

ಬೇವು ಬೆಲ್ಲ ಚಾಂದ್ರಮಾನ ಯುಗಾದಿಯದ್ದು. ಘಟ್ಟದ ಮೇಲಿನವರ ಯುಗಾದಿ ಚೈತ್ರ ಶುದ್ಧ ಪಾಡ್ಯಕ್ಕೆ. ಅದು ಒಂದು ವರ್ಷ ಮಾರ್ಚಿನಲ್ಲಿ ಬಂದರೆ ಇನ್ನೊಂದು ವರ್ಷ ಏಪ್ರಿಲ್‌ನಲ್ಲಿ ಬರುತ್ತದೆ. 2024ರಲ್ಲಿ ಏಪ್ರಿಲ್ 9ಕ್ಕೆ ಬಂದಿತ್ತು, 2025ರಲ್ಲಿ ಮಾರ್ಚ್ 30ಕ್ಕೆ. ನಮ್ಮ ಕರಾವಳಿಯ ಬಿಸು ಸೂರ್ಯನ ಲೆಕ್ಕದ್ದು. ಸೂರ್ಯ ಮೇಷ ರಾಶಿಗೆ ಬಂದಾಗ ಬಿಸು. ಹಾಗಾಗಿ ಅದು ಏಪ್ರಿಲ್ 14ರ ಹತ್ತಿರವೇ ನಿಲ್ಲುತ್ತದೆ. ಯಾರೋ ಯುಗಾದಿಯ ಮೆಸೇಜಿನಲ್ಲಿ ಹಬ್ಬದ ಹೆಸರು ಮಾತ್ರ ಬದಲಾಯಿಸಿ ಬಿಸುವಿಗೂ ಓಡಿಸಿದ್ದಾರೆ. ಬೇವು ಬೆಲ್ಲ ಹಾಗೇ ಉಳಿದಿದೆ. ಬಿಸುವಿನಲ್ಲಿ ಇರುವುದು ಕಣಿ. ರಾತ್ರಿಯೇ ದೇವರ ಮುಂದೆ ಅಕ್ಕಿ, ತೆಂಗಿನಕಾಯಿ, ಸೌತೆ, ಮಾವು, ಗೇರು, ಹಲಸು, ವೀಳ್ಯ, ಚಿನ್ನ, ಕನ್ನಡಿ ಎಲ್ಲ ಇಟ್ಟು ಬೆಳಗ್ಗೆ ಎದ್ದ ಕೂಡಲೇ ನೋಡುವುದು. ಆಮೇಲೆ ಹಿರಿಯರ ಕಾಲು ಹಿಡಿಯುವುದು. ಮಧ್ಯಾಹ್ನ ತೊಂಡೆಕಾಯಿಗೆ ಎಳೆ ಗೇರುಬೀಜ ಹಾಕಿದ ಪಲ್ಯ, ಹೆಸರುಬೇಳೆ ಪಾಯಸ.

ಪಯ್ಯನ್ನೂರಿನಲ್ಲೂ ಬೇವು ಬೆಲ್ಲವಿಲ್ಲ, ಕಣಿಯೇ. ಅವರ ಕಣಿಯಲ್ಲಿ ಉರುಳಿ ಅನ್ನುವ ಅಗಲ ಪಾತ್ರೆಯೊಳಗೆ ಅಕ್ಕಿ, ಹಳದಿ ಬಣ್ಣದ ಸೌತೆ, ಕನ್ನಡಿ, ನಾಣ್ಯ, ಕೃಷ್ಣನ ವಿಗ್ರಹ. ಎಲ್ಲಕ್ಕಿಂತ ಮುಖ್ಯವಾಗಿ ಕೊನ್ನ ಹೂವು. ನಾವು ಕಕ್ಕೆ ಅನ್ನುವ ಮರದ ಹಳದಿ ಗೊಂಚಲು. ಅಂದರೆ ಎರಡು ಮನೆಗಳ ಹಬ್ಬ ಹೆಚ್ಚು ಕಡಿಮೆ ಒಂದೇ. ಮಧ್ಯದಲ್ಲಿ ಬಂದು ಕೂತದ್ದು ಮೂರನೇ ಊರಿನ ಹಬ್ಬದ ಸಾಲು. ಆ ಸಾಲನ್ನು ಎಷ್ಟು ಚಂದದ ಮಲಯಾಳಂ ಮಾಡಿದರೂ ಮೇಷ್ಟ್ರು "ಇದೇನು ಕಹಿ?" ಅಂತಲೇ ಕೇಳುತ್ತಿದ್ದರು. ಫಾರ್ವರ್ಡನ್ನು ಬೇರೆ ಭಾಷೆಗೆ ತರುವಾಗ ನಾನು ಮೊದಲು ಮಾಡುವ ಕೆಲಸ ಇದೇ. ಓದುವವರ ಮನೆಯಲ್ಲಿ ಆ ದಿನ ಇರದ ವಸ್ತು ಮೆಸೇಜಿನಲ್ಲಿದ್ದರೆ ತೆಗೆದುಬಿಡುವುದು. ಬೇವು ಬೆಲ್ಲ ಹೋಯಿತು.

"ಹೊಸ ಸಂವತ್ಸರ" ಕೂಡ ಹೋಯಿತು, ಆದರೆ ಅದಕ್ಕೆ ಕಾರಣ ಬೇರೆ. ನಮ್ಮಲ್ಲಿ ಸಂವತ್ಸರ ಅಂದರೆ ಅರವತ್ತು ವರ್ಷಗಳ ಚಕ್ರದಲ್ಲಿ ಬರುವ ಹೆಸರು, ಕ್ರೋಧಿ, ವಿಶ್ವಾವಸು ಅಂತ. ಮಲಯಾಳಿಗಳು ದಿನಬಳಕೆಯಲ್ಲಿ ಹಿಡಿಯುವ ಕೊಲ್ಲವರ್ಷ ಕ್ರಿ.ಶ. 825ರಿಂದ ಎಣಿಸುವ ಲೆಕ್ಕ. ಅದರ ವರ್ಷ ಬದಲಾಗುವುದು ಆಗಸ್ಟ್ ಮಧ್ಯದಲ್ಲಿ, ಚಿಙ್ಙಂ ತಿಂಗಳ ಒಂದನೇ ತಾರೀಕಿಗೆ. ವಿಷುವನ್ನು ಅವರೂ ಹೊಸ ವರ್ಷದ ಆರಂಭ ಅನ್ನುತ್ತಾರೆ, ಹೇಳಿದರೆ ತಪ್ಪೇನಲ್ಲ. ಆದರೆ "ಪುದುವತ್ಸರ ಆಶಂಸಕಳ್" ಅಂತ ಬರೆದರೆ ಓದುವವರಿಗೆ ಮೊದಲು ನೆನಪಾಗುವುದು ಜನವರಿ ಒಂದು. ವಿಷುವಿಗೆ ವಿಷು ಅಂದರೆ ಸಾಕು.

ಈಗ ಮಾವನ ಮಲಯಾಳಂ ವಾಕ್ಯಕ್ಕೆ ಬರೋಣ. ಅದರಲ್ಲಿ ಅತಿ ಹೆಚ್ಚು ಎದ್ದು ಕಾಣುವುದು "ಶುಭಾಶಯಂಙಳ್". ಕನ್ನಡದಲ್ಲಿ ಆಶಯ ಅಂದರೆ ಬಯಕೆ, ಮನಸ್ಸಿನ ಇಚ್ಛೆ. ಹಾಗಾಗಿ ಶುಭಾಶಯ ಅಂದರೆ ಒಳ್ಳೆಯದಾಗಲಿ ಅನ್ನುವ ಬಯಕೆ. ಮಲಯಾಳಂನಲ್ಲಿ ಆಶಯಂ ಅಂದರೆ ಯೋಚನೆ, ಐಡಿಯಾ. ಒಂದು ಭಾಷಣದ ಆಶಯಂ, ಒಂದು ಕಥೆಯ ಆಶಯಂ ಅನ್ನುತ್ತಾರೆ. "ಶುಭಾಶಯಂಙಳ್" ಅಂದರೆ ಕಿವಿಗೆ ಒಳ್ಳೊಳ್ಳೆ ಐಡಿಯಾಗಳು ಅಂದ ಹಾಗೆ. ಹಾರೈಕೆಗೆ ಅವರ ಪದ ಆಶಂಸ. ಬಹುವಚನದಲ್ಲಿ ಆಶಂಸಕಳ್. ಎರಡೂ ಸಂಸ್ಕೃತದಿಂದ ಬಂದವು, ನೋಡಲು ಅಣ್ಣ ತಮ್ಮನ ಹಾಗಿವೆ. ಅಪಾಯ ಇರುವುದು ಅಲ್ಲೇ. ಪೂರ್ತಿ ಗೊತ್ತಿಲ್ಲದ ಪದವಾದರೆ ಮಾವ ಯಾರನ್ನಾದರೂ ಕೇಳುತ್ತಿದ್ದರು. ಗೊತ್ತಿರುವ ಪದದ ಹಾಗೆ ಕಂಡದ್ದರಿಂದ ಕೇಳಲಿಲ್ಲ.

ಎರಡನೆಯದು "ಉತ್ಸವತ್ತಿಂಟೆ". ಕನ್ನಡದಲ್ಲಿ "ಬಿಸು ಹಬ್ಬದ ಶುಭಾಶಯ" ಅನ್ನದೆ ಬರೀ "ಬಿಸು ಶುಭಾಶಯ" ಅಂದರೂ ನಡೆಯುತ್ತದೆ, ಆದರೆ ಹಬ್ಬ ಅನ್ನುವ ಪದ ಇದ್ದರೆ ನಮಗೆ ತುಂಬಿದ ಹಾಗೆ ಕೇಳುತ್ತದೆ. ತುಳುವಿನಲ್ಲೂ ಹಾಗೇ. ದೊಡ್ಡಮ್ಮ ಗ್ರೂಪಿನಲ್ಲಿ ಪ್ರತಿ ವರ್ಷ ಹಾಕುವ ಸಾಲು "ಮಾತೆರೆಗ್ಲಾ ಬಿಸು ಪರ್ಬದ ಶುಭಾಶಯೊಲು". ಪರ್ಬ ಇಲ್ಲದೆ ಅವರಿಗೆ ಬಿಸುವೇ ಇಲ್ಲ. ಮಲಯಾಳಂನಲ್ಲಿ ಉತ್ಸವ ಅಂದ ಕೂಡಲೇ ಕಣ್ಣಿಗೆ ಬರುವುದು ದೇವಸ್ಥಾನದ ಜಾತ್ರೆ. ಆನೆ, ಚೆಂಡೆ, ಧ್ವಜ ಏರಿಸುವ ಕೊಡಿಯೇಟ್ಟ. ಮನೆಯ ಹಬ್ಬಕ್ಕೆ ಹಾರೈಸುವಾಗ ಆ ಪದ ಬೇಕಾಗಿಲ್ಲ. ಹಬ್ಬದ ಹೆಸರಿಗೇ ಆಶಂಸಕಳ್ ಸೇರಿಸುತ್ತಾರೆ. ವಿಷು ಆಶಂಸಕಳ್. ಓಣಂಗೆ ಎರಡೂ ಕೂಡಿ ಒಂದೇ ಪದವಾಗಿ ಓಣಾಶಂಸಕಳ್. ನಡುವೆ "-ದ" ಅನ್ನುವ ಷಷ್ಠಿಯೂ ಇಲ್ಲ.

"ಹಾರ್ದಿಕ" ಅಷ್ಟು ಕೆಟ್ಟದ್ದಲ್ಲ, ಆದರೆ ಮಲಯಾಳಂನಲ್ಲಿ ಅಲ್ಲಿ ಬರುವ ಮಾತು "ಹೃದಯಂ ನಿರಞ್ಞ", ಅಂದರೆ ಹೃದಯ ತುಂಬಿದ. ಕಾರ್ಡಿನಲ್ಲಿ, ಬ್ಯಾನರಿನಲ್ಲಿ ಧಾರಾಳವಾಗಿ ಕಾಣಿಸುತ್ತದೆ. ಮನೆಯವರಿಗೆ ಬರೆಯುವಾಗ ಅದೂ ಸ್ವಲ್ಪ ಜಾಸ್ತಿಯೇ. ನಮ್ಮಲ್ಲೂ ಅಣ್ಣನಿಗೆ ಫೋನ್ ಮಾಡಿ "ಹಾರ್ದಿಕ ಶುಭಾಶಯಗಳು" ಅನ್ನುತ್ತೇವಾ? ಇಲ್ಲ ಅಲ್ವಾ. ಫ್ಲೆಕ್ಸಿನಲ್ಲಿ ಮಾತ್ರ ಅನ್ನುತ್ತೇವೆ.

ಮಾವ ಇನ್ನೂ ಅನುವಾದ ಮಾಡದೆ ಬಿಟ್ಟಿದ್ದ "ಸಕಲ ಐಶ್ವರ್ಯ" ಮಾತ್ರ ನಾನು ನಿರೀಕ್ಷಿಸದ ಕಡೆಯಿಂದ ಸರಿಯಾಗಿತ್ತು. ಅವರಿಗೆ ಅದರ ಮೇಲೆ ಅನುಮಾನ. "ದುಡ್ಡು ಬರಲಿ ಅಂತ ಬೀಗರಿಗೆ ಹೇಳುವುದು ಚಂದ ಅಲ್ಲ ಮಗಾ" ಅಂದರು. ಕನ್ನಡದಲ್ಲಿ ಐಶ್ವರ್ಯ ಅಂದರೆ ಸಂಪತ್ತು, ಹಣಕಾಸು. ಮಲಯಾಳಂನಲ್ಲಿ ಐಶ್ವರ್ಯಂ ಅದಕ್ಕಿಂತ ಅಗಲ. ಬೆಳಗ್ಗೆ ಗುಡಿಸಿ ದೀಪ ಹಚ್ಚಿದ ಮನೆಗೆ ಐಶ್ವರ್ಯಂ ಇದೆ ಅನ್ನುತ್ತಾರೆ. ಹಣೆಗೆ ಬೊಟ್ಟಿಟ್ಟು ಬಂದ ಹುಡುಗಿಯ ಮುಖದಲ್ಲಿ ಐಶ್ವರ್ಯಂ ಇದೆ ಅನ್ನುತ್ತಾರೆ. ನಮ್ಮ "ಕಳೆ", "ಲಕ್ಷಣ" ಎರಡೂ ಅದರೊಳಗೆ ಬರುತ್ತವೆ. ವಿಷುವಿನ ಹಾರೈಕೆಗೆ ಇದಕ್ಕಿಂತ ಒಪ್ಪುವ ಪದ ಕಡಿಮೆ. ಕನ್ನಡದಲ್ಲಿ ಸಲ್ಲದು ಅನ್ನಿಸಿದ ಪದ ಅಲ್ಲಿ ಸಲ್ಲುತ್ತದೆ, ಸಲ್ಲುತ್ತದೆ ಅನ್ನಿಸಿದ ಶುಭಾಶಯ ಸಲ್ಲುವುದಿಲ್ಲ. ಹಾಗಾಗಿ ಪದಗಳನ್ನು ಹೋಲಿಕೆಯ ಮೇಲೆ ನಂಬಬಾರದು ಅನ್ನುವುದು ಎಷ್ಟು ನಿಜವೋ, ಹೋಲಿಕೆ ಇದೆ ಅಂತ ಹೆದರಿ ಬಿಡಬಾರದು ಅನ್ನುವುದೂ ಅಷ್ಟೇ ನಿಜ. ಮಲಯಾಳಿಗಳು ಆ ಪದವನ್ನು ದಿನಾ ಎಲ್ಲಿ ಬಳಸುತ್ತಾರೆ ಅಂತ ನೋಡಬೇಕು, ಅಷ್ಟೇ.

ಇಷ್ಟೆಲ್ಲ ಸರಿಮಾಡಿದರೆ ಸಿಗುವ ವಾಕ್ಯ: "ನಿಂಙಳ್ಕುಂ ಕುಡುಂಬತ್ತಿನುಂ ವಿಷು ಆಶಂಸಕಳ್." ಪದಗಳ ಮಟ್ಟಿಗೆ ಇದರಲ್ಲಿ ಕೊರತೆ ಇಲ್ಲ. ಬ್ಯಾಂಕಿನಿಂದ ಗಿರಾಕಿಗೆ ಹೋಗುವ ಮೆಸೇಜಿಗೆ ಸಾಕು. ಬೀಗರಿಗೆ ಸಾಲದು. ನನ್ನ ಪ್ರಕಾರ ಈ ಇಡೀ ಪ್ರಕರಣದ ತಿರುಳು ಇರುವುದು ಮೊದಲ ಪದದಲ್ಲೇ, "ನಿಂಙಳ್ಕುಂ" ಅನ್ನುವಲ್ಲಿ.

ಕನ್ನಡದಲ್ಲಿ ಮರ್ಯಾದೆ ಕ್ರಿಯಾಪದದಲ್ಲೇ ಇರುತ್ತದೆ. ಬಂದ, ಬಂದರು. ನೋಡಿದೆಯಾ, ನೋಡಿದಿರಾ. ಹೆಸರು ಹೇಳದಿದ್ದರೂ ವಾಕ್ಯದ ಬಾಲ ನೋಡಿದರೆ ಎದುರಿಗಿರುವವರು ಚಿಕ್ಕವರೋ ದೊಡ್ಡವರೋ ಗೊತ್ತಾಗುತ್ತದೆ. ಮಲಯಾಳಂ ಕ್ರಿಯಾಪದಕ್ಕೆ ಈ ಬಾಲವೇ ಇಲ್ಲ. ನಾನು ಬಂದೆ, ಅವನು ಬಂದ, ಅವರು ಬಂದರು ಎಲ್ಲಕ್ಕೂ "ವನ್ನು" ಒಂದೇ. ಹಾಗಾದರೆ ಮರ್ಯಾದೆ ಎಲ್ಲಿಡುತ್ತಾರೆ? ಕರೆಯುವ ರೀತಿಯಲ್ಲಿ. ಹಿರಿಯರ ಜೊತೆ ಮಾತಾಡುವಾಗ ಸರ್ವನಾಮವನ್ನು ಆದಷ್ಟು ತಪ್ಪಿಸಿ ಅಚ್ಛನ್, ಅಮ್ಮ, ಚೇಟ್ಟನ್, ಚೇಚ್ಚಿ ಅನ್ನುತ್ತಾರೆ. ನಾವು ತುಂಬಾ ಗೌರವದಿಂದ ಹೇಳುವ "ನಿಮಗೆ" ಅಲ್ಲಿ "ನಿಂಙಳ್ಕು" ಆದಾಗ ಗೌರವ ಅರ್ಧ ದಾರಿಯಲ್ಲೇ ಇಳಿದುಹೋಗುತ್ತದೆ. ಬೈದ ಹಾಗೆ ಕೇಳುವುದಿಲ್ಲ, ಆದರೆ ಅಪರಿಚಿತರಿಗೆ ಹೇಳಿದ ಹಾಗೆ ಸಪ್ಪೆಯಾಗಿ ಕೇಳುತ್ತದೆ. "ತಾಂಗಳ್" ಅಂತ ಇನ್ನೊಂದು ಪದವಿದೆ, ಅದು ಪತ್ರ ವ್ಯವಹಾರದ್ದು. ಮನೆಯವರಿಗೆ ಬರೆದರೆ ನೋಟಿಸು ಬಂದ ಹಾಗೆ.

ನಾನು ಮಾವನನ್ನು ಕೇಳಿದೆ: "ಮುಖತಃ ಸಿಕ್ಕಾಗ ನೀವು ಅವರನ್ನು ಏನು ಕರೀತೀರಿ?"

"ಮಾಷೇ ಅಂತೇನೆ. ಅವರ ಹೆಂಡತಿಯನ್ನು ಟೀಚರ್ ಅಂತಾರೆ ಎಲ್ಲರೂ, ನಾನೂ ಅದೇ."

"ಹಾಗಾದರೆ ಮೊಬೈಲಿನಲ್ಲಿ ಯಾಕೆ ಬೇರೆ?"

ಉತ್ತರ ಕೇರಳದಲ್ಲಿ ನಿವೃತ್ತ ಮೇಷ್ಟ್ರು ಊರಿಗೆಲ್ಲ ಮಾಷ್, ನಿವೃತ್ತ ಶಿಕ್ಷಕಿ ಊರಿಗೆಲ್ಲ ಟೀಚರ್. ಅದರಲ್ಲಿ ಮರ್ಯಾದೆಯೂ ಇದೆ, ಸಲಿಗೆಯೂ ಇದೆ. ಆ ಎರಡು ಪದ ಹಾಕಿದ ಕೂಡಲೇ "ನಿಂಙಳ್", "ನಿಂಙಳುಡೆ ಕುಡುಂಬಂ" ಎಲ್ಲ ಬೇಡವಾಯಿತು. ಕುಟುಂಬದ ಬದಲಿಗೆ "ವೀಟ್ಟಿಲ್ ಎಲ್ಲಾವರ್ಕುಂ", ಮನೆಯಲ್ಲಿ ಎಲ್ಲರಿಗೂ. ನಾವೂ ಮಾತಿನಲ್ಲಿ ಹೇಳುವುದು ಹಾಗೇ ಅಲ್ವಾ? "ಮನೆಯಲ್ಲಿ ಎಲ್ಲರೂ ಹೇಗಿದ್ದಾರೆ" ಅನ್ನುತ್ತೇವೆ, "ಕುಟುಂಬದವರು ಹೇಗಿದ್ದಾರೆ" ಅನ್ನುವುದಿಲ್ಲ.

ಉಳಿದದ್ದು ಹೊಂಬೆಳಕಿನ ಸಾಲು. ಅದನ್ನು ತರುವುದು ಕಷ್ಟವೇನಲ್ಲ. ಕನ್ನಡದ "ತರಲಿ", "ಆಗಲಿ" ಅನ್ನುವ ಹಾರೈಕೆಯ ರೂಪಕ್ಕೆ ಮಲಯಾಳಂನಲ್ಲಿ ನೇರ ಜೋಡಿಯಿದೆ, "-ಟ್ಟೆ". "ಐಶ್ವರ್ಯಂ ಉಂಡಾವಟ್ಟೆ" ಅಂದರೆ ಐಶ್ವರ್ಯ ಉಂಟಾಗಲಿ. ಇಂಗ್ಲಿಷಿಗೆ ಹೋಗುವಾಗ "ಮೇ" ಹಾಕಿ ಒದ್ದಾಡುವ ಹಾಗಿಲ್ಲ. "ನನ್ಮಯುಂ ಐಶ್ವರ್ಯವುಂ ನಿರಞ್ಞ ವಿಷು" ಅಂತಲೂ ಬರೆಯಬಹುದು. ನನ್ಮ ಅಂದರೆ ಒಳಿತು. ಆದರೆ ಹೊಂಬೆಳಕು ಬೇಕೇ ಅನ್ನುವುದು ಪ್ರಶ್ನೆ. ಮಾವ ಕೊನೆಯ ಸಲ ಹೊಂಬೆಳಕು ಅಂದದ್ದು ಯಾವಾಗ? ಅವರ ಬಾಯಲ್ಲಿ ಆ ಪದ ಬರುವುದೇ ಇಲ್ಲ. ಕನ್ನಡದಲ್ಲೇ ತಮ್ಮದಲ್ಲದ ಮಾತನ್ನು ಮಲಯಾಳಂಗೆ ತಂದು ತಮ್ಮದು ಮಾಡಿಕೊಳ್ಳುವುದು ಹೇಗೆ? ನಾನು ಆ ಸಾಲನ್ನು ಹೊಡೆದು, ಆ ಜಾಗದಲ್ಲಿ ಆ ದಿನ ಬೆಳಗ್ಗೆ ಮಲಯಾಳಿಗಳು ಒಬ್ಬರನ್ನೊಬ್ಬರು ನಿಜವಾಗಿ ಕೇಳುವ ಮಾತು ಇಡಲು ಹೇಳಿದೆ. "ಕಣಿ ಕಂಡೋ?" ಕಣಿ ನೋಡಿದ್ರಾ ಅಂತ. ನಮ್ಮ ತುಳು ಬಿಸು ಕಣಿಯೂ ಅದೇ ಕಣಿ. ಘಟ್ಟದ ಮೇಲಿನ ಸೊಸೆಗೆ ಮಾತ್ರ ಮೊದಲ ವರ್ಷ ಇದು ತಮಾಷೆಯಾಗಿತ್ತಂತೆ. ಅವಳ ಕಡೆ ಕಣಿ ಅಂದರೆ ಕೈ ನೋಡಿ ಭವಿಷ್ಯ ಹೇಳುವುದು.

ಕೊನೆಗೆ ನಿಂತ ಮೆಸೇಜು: "ಮಾಷಿನುಂ ಟೀಚರ್ಕುಂ ವೀಟ್ಟಿಲ್ ಎಲ್ಲಾವರ್ಕುಂ ವಿಷು ಆಶಂಸಕಳ್. ಇವಿಡೆ ಕಣಿ ವೆಚ್ಚು. ಅವಿಡೆ ಕೊನ್ನಪ್ಪೂ ಕಿಟ್ಟಿಯೋ?" ಮಾಷ್‌ಗೂ ಟೀಚರಿಗೂ ಮನೆಯಲ್ಲಿ ಎಲ್ಲರಿಗೂ ವಿಷು ಶುಭಾಶಯ. ಇಲ್ಲಿ ಕಣಿ ಇಟ್ಟೆವು. ಅಲ್ಲಿ ಕಕ್ಕೆ ಹೂ ಸಿಕ್ಕಿತಾ? ಕೊನ್ನದ ಪ್ರಶ್ನೆ ಮಾವನದ್ದೇ. ಬಿಸಿಲು ಬೇಗ ಏರಿದ ವರ್ಷ ಕಕ್ಕೆ ಮೊದಲೇ ಅರಳಿ ವಿಷುವಿಗೆ ಉದುರಿಹೋಗಿರುತ್ತದೆ, ಪೇಟೆಯಲ್ಲಿ ದುಡ್ಡು ಕೊಟ್ಟು ತರಬೇಕಾಗುತ್ತದೆ. ಕಾಸರಗೋಡಿನಲ್ಲಿದ್ದಾಗ ಪ್ರತಿ ಏಪ್ರಿಲ್‌ನಲ್ಲಿ ಆ ಗೊಣಗಾಟ ಕೇಳಿದ್ದರಂತೆ. ಹೊಂಬೆಳಕಿಗಿಂತ ಈ ಗೊಣಗಾಟ ನನಗೆ ಹೆಚ್ಚು ಇಷ್ಟವಾಯಿತು. "ಕಣಿ ಕಂಡೋ" ಅನ್ನುವುದನ್ನು ಬೆಳಗ್ಗೆಗೆ ಇಟ್ಟುಕೊಂಡರು. ಹಿಂದಿನ ಸಂಜೆಯೇ ಕೇಳಿದರೆ ಅರ್ಥವಿಲ್ಲವಲ್ಲ.

ದಿನದ ವಿಷಯದಲ್ಲೂ ಒಂದು ಎಚ್ಚರ ಬೇಕಿತ್ತು. ಸಂಕ್ರಮಣ ದಿನದ ಯಾವ ಹೊತ್ತಿಗೆ ಬೀಳುತ್ತದೆ ಅನ್ನುವುದರ ಮೇಲೆ ಕೆಲವು ವರ್ಷ ಹಬ್ಬ ಏಪ್ರಿಲ್ 14ಕ್ಕೆ, ಕೆಲವು ವರ್ಷ 15ಕ್ಕೆ. ಪಂಚಾಂಗಗಳ ಲೆಕ್ಕ ಬೇರೆಯಾದಾಗ ಇಲ್ಲಿಗೂ ಅಲ್ಲಿಗೂ ಒಂದು ದಿನ ವ್ಯತ್ಯಾಸ ಬರಬಹುದು. ಮಗಳಿಗೆ ಒಂದು ಫೋನ್ ಮಾಡಿ "ನಿಮಗೆ ಕಣಿ ಯಾವತ್ತು?" ಅಂತ ಕೇಳಿದರೆ ಮುಗಿಯಿತು. ಮಾವ ಕೇಳಿದರು.

ಇನ್ನು ಟೈಪ್ ಮಾಡುವ ಕಷ್ಟ. ಮೊಬೈಲಿನ ಕೀಬೋರ್ಡ್ ಸೆಟ್ಟಿಂಗಿನಲ್ಲಿ ಮಲಯಾಳಂ ಸೇರಿಸುವುದು ಎರಡು ನಿಮಿಷದ ಕೆಲಸ. ತೊಂದರೆ ಬರುವುದು ಕಿವಿಯಿಂದ. ಮಲಯಾಳಂನಲ್ಲಿ ಪದದ ನಡುವಿನ ಒಂಟಿ ಕ, ಟ, ತ ಮೆತ್ತಗಾಗಿ ಗ, ಡ, ದ ಆಗಿ ಕೇಳುತ್ತವೆ. ಆಶಂಸಕಳ್ ಅಂತ ಬರೆದದ್ದನ್ನು ಆಶಂಸಗಳ್ ಅಂತ ಓದುತ್ತಾರೆ. ಇವಿಡೆ, ಕುಡುಂಬಂ, ವೀಡ್ ಅಂತ ನಾನು ಇಲ್ಲಿ ಉಚ್ಚಾರದ ಹಾಗೆ ಬರೆಯುತ್ತಿರುವ ಪದಗಳಲ್ಲೆಲ್ಲ ಅವರ ಲಿಪಿಯಲ್ಲಿ ಇರುವುದು ಟ. ನಾವು ಕನ್ನಡದವರು ಕೇಳಿದ ಹಾಗೆ ಬರೆಯುವ ಅಭ್ಯಾಸದವರು, ಹಾಗಾಗಿ ಮಲಯಾಳಂ ಲಿಪಿಯಲ್ಲೂ ಗ, ಡ ಒತ್ತಿಬಿಡುತ್ತೇವೆ. ಓದುವವರಿಗೆ ಅದು ಮೂರನೇ ಕ್ಲಾಸಿನ ಮಗುವಿನ ಕಾಗುಣಿತ. ಎದುರಿಗೆ ಇದ್ದದ್ದು ಇಬ್ಬರು ಮೇಷ್ಟ್ರುಗಳು! ಕುಟುಂಬ ಅನ್ನುವಂಥ ಪದಗಳ ಮಟ್ಟಿಗೆ ಒಂದು ಸುಲಭ ಉಪಾಯವಿದೆ. ಕನ್ನಡದಲ್ಲೂ ಟ ಇರುವುದರಿಂದ ಸಂಸ್ಕೃತದ ಪದ ಬಂದಾಗ ಕಿವಿಯನ್ನು ಬಿಟ್ಟು ಕನ್ನಡದ ಕಾಗುಣಿತವನ್ನೇ ಹಿಡಿದರೆ ಹೆಚ್ಚಿನ ಸಲ ಸರಿಯಾಗುತ್ತದೆ. ಇನ್ನೊಂದು, ಆಶಂಸಕಳ್‌ನ ಕೊನೆಯ ಳ್. ಅದಕ್ಕೆ ಅವರಲ್ಲಿ ಚಿಲ್ಲು ಅನ್ನುವ ಬೇರೆಯೇ ಅಕ್ಷರವಿದೆ. ಸಾಮಾನ್ಯ ಳ ಒತ್ತಿ ಮೇಲೆ ಚಿಹ್ನೆ ಹಾಕಿದರೆ ಕೊನೆಯಲ್ಲಿ ಅರ್ಧ ಉಕಾರ ಸೇರಿದ ಹಾಗೆ ಓದಿಸಿಕೊಳ್ಳುತ್ತದೆ. ಕೀಬೋರ್ಡೇ ಮೇಲ್ಗಡೆ ತೋರಿಸುವ ಪೂರ್ತಿ ಪದವನ್ನು ಒತ್ತುವುದು ಕ್ಷೇಮ. ಇಷ್ಟು ರಗಳೆ ಬೇಡ ಅನ್ನುವವರು ವಾಯ್ಸ್ ಮೆಸೇಜು ಕಳಿಸಬಹುದು. ಆಗ ಮಾತ್ರ ಗ, ಡ ಅಂತಲೇ ಹೇಳಬೇಕು.

ಫಾರ್ವರ್ಡ್ ಗುರುತಿನ ಬಗ್ಗೆ ಮಾವನಿಗೆ ಗೊತ್ತಿರಲಿಲ್ಲ. ಬಂದ ಮೆಸೇಜನ್ನು ಹಾಗೇ ಮುಂದೆ ತಳ್ಳಿದರೆ ಅದರ ತಲೆಯ ಮೇಲೆ ಬಾಣದ ಗುರುತು ಬರುತ್ತದೆ. ಐದು ಅಥವಾ ಹೆಚ್ಚು ಕೈ ದಾಟಿ ಬಂದದ್ದಾದರೆ ಜೋಡಿ ಬಾಣ, ಜೊತೆಗೆ ಹಲವು ಸಲ ಫಾರ್ವರ್ಡ್ ಆಗಿದೆ ಅನ್ನುವ ಬರಹ. 2020ರ ಏಪ್ರಿಲ್‌ನಿಂದ ಅಂಥವನ್ನು ಒಮ್ಮೆಗೆ ಒಂದೇ ಚಾಟಿಗೆ ಕಳಿಸಬಹುದು. ದೀಪದ ಚಿತ್ರವಿರುವ ಹೆಚ್ಚಿನ ಹಬ್ಬದ ಕಾರ್ಡುಗಳು ನಮ್ಮ ಕೈಗೆ ಬರುವಾಗಲೇ ಜೋಡಿ ಬಾಣ ಹೊತ್ತಿರುತ್ತವೆ. ಭಾಷೆ ಎಷ್ಟೇ ಸಹಜವಾಗಿರಲಿ, ಮೇಲೆ ಆ ಬಾಣ ಇದ್ದರೆ ಇದು ನಿಮಗೇ ಅಂತ ಬರೆದದ್ದಲ್ಲ ಅಂತ ಓದುವವರಿಗೆ ಮೊದಲೇ ಗೊತ್ತಾಗುತ್ತದೆ. ತಾವೇ ಟೈಪ್ ಮಾಡಿದ್ದಕ್ಕೆ ಬಾಣವಿಲ್ಲ. ಕಾರ್ಡು ಇಷ್ಟವಾಗಿದ್ದರೆ ಅದನ್ನು ಬೇರೆಯಾಗಿ ಕಳಿಸಿ, ಕೆಳಗೆ ತಮ್ಮ ಸಾಲು ಬರೆಯಬಹುದು.

ಮೆಸೇಜು ಸಂಜೆಯೇ ಹೋಯಿತು. ಸ್ವಲ್ಪ ಹೊತ್ತಿನಲ್ಲೇ ಮೇಷ್ಟ್ರ ಉತ್ತರ ಬಂತು: "ತಿರಿಚ್ಚುಂ." ಅಷ್ಟೇ. ಮಾವ ನನಗೆ ಫೋನ್ ಮಾಡಿ "ಎಂತ ಮಗಾ, ವಾಪಸ್ ಕಳಿಸಿದ್ರಾ?" ಅಂದರು. ಅವರ ಬ್ಯಾಂಕಿನ ಮಲಯಾಳಂನಲ್ಲಿ ತಿರಿಚ್ಚು ಅಂದರೆ ಹಿಂದಕ್ಕೆ. ಚೆಕ್ಕು ತಿರಿಚ್ಚು ಬರುವುದು ಅವರಿಗೆ ಚೆನ್ನಾಗಿ ಗೊತ್ತು. ಹಾರೈಕೆಗೆ ಉತ್ತರವಾಗಿ "ತಿರಿಚ್ಚುಂ" ಅಂದರೆ ನಿಮಗೂ ಅದೇ ಹಾರೈಕೆ ಅಂತ. ನಮ್ಮ "ನಿಮಗೂ" ಇದ್ದ ಹಾಗೆ. ಒಂದೇ ಪದದ ಉತ್ತರ ಬಂದರೆ ಬೇಜಾರು ಮಾಡಿಕೊಳ್ಳಬೇಕಾಗಿಲ್ಲ. ಬೆಳಗ್ಗೆ ಟೀಚರ್ ಕಣಿಯ ಫೋಟೋ ಹಾಕಿ, ಕೊನ್ನ ಪಕ್ಕದ ಮನೆಯಿಂದ ಸಿಕ್ಕಿತು ಅಂತ ಬರೆದರು. ಅಳಿಯನ ಅಕ್ಕ "ಕೈನೀಟ್ಟಂ ಎವಿಡೆ?" ಅಂತ ಕೇಳಿದಳು. ವಿಷುವಿನಲ್ಲಿ ಹಿರಿಯರು ಕಿರಿಯರ ಕೈಗೆ ಕೊಡುವ ದುಡ್ಡು ಅದು. ಅದು ಎಲ್ಲಿ ಅಂತ ತಮಾಷೆ. ಇಂಥ ಮಾತಿಗೆ ಗಂಭೀರವಾಗಿ ಉತ್ತರ ಬರೆಯಬಾರದು, ಸುಮ್ನೆ ನೂರೊಂದು ರೂಪಾಯಿ ಕಳಿಸಬೇಕು. ಮಾವ ಮೊಬೈಲಿನಲ್ಲೇ ಕಳಿಸಿದರು. ಬೇವು ಬೆಲ್ಲದ ಮೆಸೇಜನ್ನು ಬೆಂಗಳೂರಿನ ಸೊಸೆಯ ಮನೆಯವರಿಗೆ ತಳ್ಳಬೇಕೆಂದಿದ್ದರು, ಅದನ್ನೂ ಬಿಟ್ಟರು. ಅವರ ಯುಗಾದಿ ಅಷ್ಟು ಹೊತ್ತಿಗೆ ಮುಗಿದಾಗಿತ್ತು.

ಈ ವಿಧಾನ ಎಲ್ಲ ಕಡೆ ನಡೆಯುವುದಿಲ್ಲ. ಇನ್ನೂರು ಜನರ ಅಪಾರ್ಟ್‌ಮೆಂಟ್ ಗ್ರೂಪಿನಲ್ಲಿ ಮಾಷ್, ಟೀಚರ್ ಅಂತ ಕರೆಯುವುದಕ್ಕಾಗುವುದಿಲ್ಲ. ಅಲ್ಲಿ "ಎಲ್ಲಾವರ್ಕುಂ ವಿಷು ಆಶಂಸಕಳ್" ಅನ್ನುವ ಒಂದೇ ಸಾಲು ಸರಿ, ಅದಕ್ಕಿಂತ ಹೆಚ್ಚು ಬರೆದಷ್ಟೂ ಕಾರ್ಡಿನ ಭಾಷೆಯ ಕಡೆಗೇ ಜಾರುತ್ತದೆ. ಇನ್ನು ಆ ವರ್ಷ ಮನೆಯಲ್ಲಿ ಸಾವಾಗಿದ್ದರೆ ಅಲ್ಲೂ ಇಲ್ಲಿಯ ಹಾಗೆ ಹಬ್ಬ ಮಾಡುವುದಿಲ್ಲ. ಆಗ ಎಷ್ಟು ಸಹಜವಾದ ಆಶಂಸಕಳ್ ಆದರೂ ಕಳಿಸುವ ಹಾಗಿಲ್ಲ. ಗ್ರೂಪಿಗೆ ಒಟ್ಟಿಗೆ ಹಾಕುವವರಿಗೆ ಇದು ನೆನಪಾಗುವುದೇ ಇಲ್ಲ. ಆ ವರ್ಷದ ಓಣಂ ಹೊತ್ತಿಗೆ ಹೀಗೇ ಆಯಿತು. ಟೀಚರ ಅಣ್ಣ ಮಳೆಗಾಲದಲ್ಲಿ ತೀರಿಕೊಂಡಿದ್ದರು. ಮಾವ ಮೊದಲೇ ಮಗಳನ್ನು ಕೇಳಿದರು. "ನಮ್ಮ ಮನೆಯಲ್ಲಿ ಓಣಂ ಇದೆ ಅಪ್ಪ, ಅಮ್ಮನ ತವರಿನಲ್ಲಿ ಇಲ್ಲ. ಗ್ರೂಪಿಗೆ ಹಾಕಬೇಡಿ, ಮಾಷ್‌ಗೆ ಮಾತ್ರ ಕಳಿಸಿ" ಅಂದಳು. ಮಾವ "ಮಾಷೇ, ಓಣಾಶಂಸಕಳ್" ಅಂತ ಎರಡು ಪದ ಬರೆದು ಮೇಷ್ಟ್ರಿಗೆ ಕಳಿಸಿದರು, ಟೀಚರಿಗೆ ಸಂಜೆ ಅತ್ತೆ ಫೋನ್ ಮಾಡಿ ಮಾತಾಡಿದರು.